ಮಾತು ಬೆರೆಯುವ ಬಗೆ

ಮಕ್ಕಳೇ, ಜಹೀರಾಬಾದಿನ ಸಂತೆಯಲ್ಲಿ ಅರ್ಧ ಗಂಟೆ ನಿಂತು ಕಿವಿಗೊಟ್ಟು ಕೇಳಿರಿ. ತರಕಾರಿ ಮಾರುವ ಅಜ್ಜಿ ಒಬ್ಬರೊಡನೆ ಕನ್ನಡದಲ್ಲಿ ಮಾತನಾಡುತ್ತಾಳೆ. ಮತ್ತೊಬ್ಬರೊಡನೆ ತೆಲುಗಿನಲ್ಲಿ ಬೆಲೆ ಹೇಳುತ್ತಾಳೆ. ಆಟೋದವನನ್ನು ಉರ್ದುವಿನಲ್ಲಿ ಕರೆಯುತ್ತಾಳೆ. ನಾರಾಯಣಖೇಡದಲ್ಲಿಯೂ ತಾಂಡೂರಿನಲ್ಲಿಯೂ ಹೀಗೆಯೇ. ಯಾರೊಡನೆ ಯಾವ ಮಾತು ಎಂಬುದನ್ನು ಅವಳಿಗೆ ಯಾರೂ ಕಲಿಸಿಲ್ಲ. ಆದರೂ ಅವಳು ತಪ್ಪುವುದಿಲ್ಲ.

ನೀವೂ ಮಾತು ಬೆರೆಸುತ್ತೀರಿ. "ಬಸ್ ಲೇಟಾಯಿತು", "ಫೋನು ಚಾರ್ಜಿಗೆ ಹಾಕು" ಎನ್ನುತ್ತೀರಿ. ಇವುಗಳಲ್ಲಿ ಬಸ್, ಲೇಟ್, ಫೋನ್, ಚಾರ್ಜ್ ಇಂಗ್ಲಿಷ್ ಪದಗಳು. ಉಳಿದುದು ಕನ್ನಡ. ಹೀಗೆ ಎರಡು ಭಾಷೆಗಳನ್ನು ಕೂಡಿಸಿ ಆಡುವ ಮಾತನ್ನು ಬೆರಕೆ ಮಾತು ಎನ್ನುತ್ತಾರೆ. ಇದನ್ನು ಆಡುವುದು ಸುಲಭ. ಆದರೆ ಕಾಗದದ ಮೇಲೆ ಸರಿಯಾಗಿ ಬರೆಯುವುದು ಕಷ್ಟ. ಕತೆಯ ಪಾತ್ರಗಳಿಗೆ ಬೆರಕೆ ಮಾತನ್ನು ಬರೆಯುವವರು ಹೇಗೆ ಬರೆಯುತ್ತಾರೆ ಎಂಬುದನ್ನು ಈಗ ತಿಳಿಯೋಣ.

ಟಿ.ವಿ.ಯಲ್ಲಿ ಧಾರಾವಾಹಿಗಳನ್ನು ನೀವು ನೋಡಿದ್ದೀರಿ. ಅವುಗಳ ಹಾಗೆಯೇ ಕಂತು ಕಂತಾಗಿ ತಯಾರಾಗಿ, ಇಂಟರ್‌ನೆಟ್ಟಿನ ಮೂಲಕ ಮೊಬೈಲಿನಲ್ಲಿ ನೋಡಲು ಸಿಗುವ ಕತೆಗೆ ವೆಬ್ ಸರಣಿ ಎಂದು ಹೆಸರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಯುವಕ ಯುವತಿಯರ ಕತೆಯನ್ನು ವೆಬ್ ಸರಣಿಯಾಗಿ ಬರೆಯಬೇಕಾಗಿದೆ ಎಂದು ತಿಳಿಯಿರಿ. ಸಾಫ್ಟ್‌ವೇರ್ ಎಂದರೆ ಕಂಪ್ಯೂಟರು ಮತ್ತು ಮೊಬೈಲು ಏನು ಮಾಡಬೇಕೆಂದು ಹೇಳುವ ಆಜ್ಞೆಗಳ ಬರಹ. ಇನ್ಫೋಸಿಸ್ ಕಂಪೆನಿ 1983ರಲ್ಲಿ ಬೆಂಗಳೂರಿಗೆ ಬಂದಿತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ಅಲ್ಲಿ ತನ್ನ ಕಚೇರಿಯನ್ನು ತೆರೆಯಿತು. ಆಮೇಲೆ ಇಂಥ ಕಂಪೆನಿಗಳು ಬಹಳವಾದವು. ದೇಶದ ಎಲ್ಲ ಕಡೆಯಿಂದ ಜನರು ಕೆಲಸಕ್ಕೆ ಬಂದರು. ಒಂದೇ ಕೋಣೆಯಲ್ಲಿ ಕನ್ನಡ, ತಮಿಳು, ಬಂಗಾಳಿ, ಮಲಯಾಳ ಮನೆಮಾತಿನವರು ಕುಳಿತರು. ಎಲ್ಲರಿಗೂ ತಿಳಿಯುವ ಮಾತೆಂದು ಕಚೇರಿಯಲ್ಲಿ ಇಂಗ್ಲಿಷ್ ನಡೆಯಿತು. ಹೀಗಾಗಿ ಇಬ್ಬರು ಕನ್ನಡಿಗರು ಕುಳಿತು ಕನ್ನಡದಲ್ಲಿ ಮಾತನಾಡಿದರೂ ಇಂಗ್ಲಿಷ್ ಪದಗಳು ನಡುವೆ ಬರುತ್ತವೆ.

ಕನ್ನಡದಲ್ಲಿ ಬೆರಕೆ ಮಾತನ್ನು ಬರೆಯುವುದು ಹೊಸದೇನೂ ಅಲ್ಲ. ಸುಮಾರು ನೂರು ವರ್ಷಗಳ ಹಿಂದೆಯೇ ಟಿ. ಪಿ. ಕೈಲಾಸಂ ಅವರು ನಾಟಕಗಳಲ್ಲಿ ಈ ಕೆಲಸವನ್ನು ಮಾಡಿದರು. ಅವರು 1884ರಲ್ಲಿ ಹುಟ್ಟಿದರು, 1946ರಲ್ಲಿ ತೀರಿಕೊಂಡರು. ಅವರ ಮನೆಮಾತು ತಮಿಳು. ಲಂಡನ್ನಿಗೆ ಹೋಗಿ ಭೂವಿಜ್ಞಾನವನ್ನು ಓದಿ ಬಂದಿದ್ದರು. ಆ ಕಾಲದ ಕನ್ನಡ ನಾಟಕಗಳಲ್ಲಿ ಪಾತ್ರಗಳು ಹೆಚ್ಚಾಗಿ ಪುಸ್ತಕದ ಕನ್ನಡದಲ್ಲಿ ಮಾತನಾಡುತ್ತಿದ್ದವು. ಕೈಲಾಸಂ ಅವರ ಪಾತ್ರಗಳು ಹಾಗೆ ಮಾತನಾಡಲಿಲ್ಲ. ಬೆಂಗಳೂರು, ಮೈಸೂರುಗಳ ಓದಿದ ಮನೆಗಳಲ್ಲಿ ಜನರು ಇಂಗ್ಲಿಷ್ ಬೆರೆಸಿ ಹೇಗೆ ಮಾತನಾಡುತ್ತಿದ್ದರೋ ಹಾಗೆಯೇ ಮಾತನಾಡಿದವು. ಕೈಲಾಸಂ ಅವರು ನಾಟಕವನ್ನು ಬಾಯಲ್ಲಿ ಹೇಳುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. ಆದ್ದರಿಂದ ಆ ಮಾತುಗಳು ಮೊದಲು ನಾಲಗೆಯ ಮೇಲೆ ಹುಟ್ಟಿ, ಆಮೇಲೆ ಕಾಗದಕ್ಕೆ ಇಳಿದವು.

ಅವರ ಎರಡು ನಾಟಕಗಳ ಹೆಸರನ್ನು ನೋಡಿರಿ: "ಹೋಂ ರೂಲು", "ನಮ್ ಕ್ಲಬ್ಬು". ಇಂಗ್ಲಿಷಿನ ರೂಲ್ ಇಲ್ಲಿ ರೂಲು ಆಗಿದೆ, ಕ್ಲಬ್ ಎಂಬುದು ಕ್ಲಬ್ಬು ಆಗಿದೆ. ಕೊನೆಯಲ್ಲಿ ಒಂದು "ಉ" ಬಂದು ಸೇರಿತು. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಆದುದರಿಂದ ಹೊರಗಿನಿಂದ ಬಂದ ಪದಕ್ಕೂ ಕನ್ನಡದ ನಾಲಗೆ ಒಂದು "ಉ"ವನ್ನು ಕೊಡುತ್ತದೆ. ಬಸ್ಸು, ಕಾರು, ಬ್ಯಾಂಕು ಎಲ್ಲವೂ ಹೀಗೆ ಬಂದವು. ಈಗಿನ ಪಟ್ಟಣದ ಯುವಕರು ಈ "ಉ"ವನ್ನು ಬಿಟ್ಟು ಬಸ್, ಕಾರ್ ಎನ್ನುವುದೇ ಹೆಚ್ಚು. ಆದ್ದರಿಂದ ಸಂಭಾಷಣೆ ಬರೆಯುವವರಿಗೆ ಈ ಚಿಕ್ಕ "ಉ" ಬಹಳ ಉಪಯೋಗಕ್ಕೆ ಬರುತ್ತದೆ. ಅಜ್ಜನ ಬಾಯಿಯಲ್ಲಿ "ಬ್ಯಾಂಕು", ಮೊಮ್ಮಗನ ಬಾಯಿಯಲ್ಲಿ "ಬ್ಯಾಂಕ್" ಎಂದು ಬರೆದರೆ ಸಾಕು, ವಯಸ್ಸು ತಿಳಿಯುತ್ತದೆ.

ಬೆರಕೆ ಮಾತಿಗೆ ನಿಯಮವೇ ಇಲ್ಲವೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. "ಮೀಟಿಂಗ್‌ನಲ್ಲಿ ಹೇಳಿದೆ" ಎಂಬ ಮಾತನ್ನು ತೆಗೆದುಕೊಳ್ಳಿರಿ. ಮೀಟಿಂಗ್ ಎಂಬುದು ಇಂಗ್ಲಿಷ್ ಪದ. ಅದಕ್ಕೆ "ಅಲ್ಲಿ" ಎಂಬ ಕನ್ನಡದ ವಿಭಕ್ತಿ ಪ್ರತ್ಯಯ ಸೇರಿದೆ. "ಅಲ್ಲಿ" ಎನ್ನಲು ಇಂಗ್ಲಿಷಿನಲ್ಲಿ "ಇನ್" ಎಂಬ ಪದವಿದೆ. ಆದರೆ "ಇನ್ ಮೀಟಿಂಗ್ ಹೇಳಿದೆ" ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ಆಫೀಸಿಗೆ, ಟೀಮಿನಿಂದ, ಫೈಲನ್ನು ಎಂಬಲ್ಲೆಲ್ಲಾ ಪದ ಇಂಗ್ಲಿಷಿನದು, ಪ್ರತ್ಯಯ ಕನ್ನಡದ್ದು. ಮನೆಗೆ ಕಂಬವೂ ತೊಲೆಯೂ ಕನ್ನಡದವು. ಇಟ್ಟಿಗೆಗಳಲ್ಲಿ ಕೆಲವು ಹೊರಗಿನಿಂದ ಬಂದಿವೆ.

ಕ್ರಿಯಾಪದಕ್ಕೂ ಇಂಥದೇ ನಿಯಮವಿದೆ. ಇಂಗ್ಲಿಷ್ ಕ್ರಿಯಾಪದವು ಕನ್ನಡದಲ್ಲಿ ಒಂಟಿಯಾಗಿ ನಿಲ್ಲಲಾರದು. ಅದಕ್ಕೆ "ಮಾಡು" ಇಲ್ಲವೇ "ಆಗು" ಎಂಬ ಜೊತೆ ಬೇಕು. "ಫೈಲ್ ಡಿಲೀಟ್ ಮಾಡಿದೆ" ಎನ್ನುತ್ತಾರೆ, ಅಥವಾ "ಫೈಲ್ ಡಿಲೀಟ್ ಆಯಿತು" ಎನ್ನುತ್ತಾರೆ. ಡಿಲೀಟ್ ಎಂದರೆ ಅಳಿಸುವುದು. ಈ ಎರಡು ಮಾತುಗಳಲ್ಲಿ ದೊಡ್ಡ ವ್ಯತ್ಯಾಸವಿದೆ, ಗಮನಿಸಿರಿ. ಮೊದಲನೆಯದರಲ್ಲಿ ಮಾಡಿದವರು ಇದ್ದಾರೆ. ಎರಡನೆಯದರಲ್ಲಿ ಯಾರೂ ಇಲ್ಲ, ಅದು ತಾನಾಗಿ ಆದ ಹಾಗೆ ಕೇಳುತ್ತದೆ. ಕೈಜಾರಿ ಲೋಟ ಒಡೆದಾಗ "ಒಡೆಯಿತು" ಎನ್ನುವುದಕ್ಕೂ "ಒಡೆದೆ" ಎನ್ನುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇದೆ.

ಈಗ ಒಂದು ದೃಶ್ಯವನ್ನು ಬರೆದು ನೋಡೋಣ. ಇದು ಕಲ್ಪನೆಯ ಕತೆ. ಜಹೀರಾಬಾದಿನ ಸವಿತಾ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅವಳ ಗುಂಪಿನಲ್ಲಿ ಹಲವರು ಒಂದೇ ಸಾಫ್ಟ್‌ವೇರಿನ ಬೇರೆ ಬೇರೆ ಭಾಗಗಳನ್ನು ಬರೆಯುತ್ತಾರೆ. ಆ ಭಾಗಗಳನ್ನೆಲ್ಲ ಕಂಪ್ಯೂಟರು ಒಟ್ಟುಗೂಡಿಸಿ, ಓಡುವಂತೆ ಸಿದ್ಧಮಾಡುವ ಕೆಲಸಕ್ಕೆ ಬಿಲ್ಡ್ ಎಂದು ಹೆಸರು. ಒಂದು ಭಾಗ ಇಲ್ಲದಿದ್ದರೂ ಬಿಲ್ಡ್ ನಿಂತುಹೋಗುತ್ತದೆ. ನಿನ್ನೆ ಸಂಜೆ ಸವಿತಾ ತಿಳಿಯದೆ ಒಂದು ಫೈಲನ್ನು ಅಳಿಸಿದ್ದಾಳೆ. ಬೆಳಿಗ್ಗೆ ಬಿಲ್ಡ್ ನಿಂತಿದೆ. ಹಳೆಯ ಪ್ರತಿ ಉಳಿದಿರುತ್ತದೆಯಾದ್ದರಿಂದ ಫೈಲನ್ನು ಮತ್ತೆ ತರಬಹುದು. ಆದರೆ ಏನಾಯಿತೆಂದು ಅವಳು ಹೇಳದಿದ್ದರೆ ಗುಂಪಿನವರೆಲ್ಲ ಹುಡುಕುತ್ತಾ ದಿನ ಕಳೆಯಬೇಕಾಗುತ್ತದೆ. ಹೇಳಲು ಅವಳಿಗೆ ಅಂಜಿಕೆ. ಕ್ಯಾಂಟೀನಿನಲ್ಲಿ ಬೆಂಗಳೂರಿನ ಗೆಳೆಯ ರಮೇಶ ಎದುರಿಗೆ ಕುಳಿತಿದ್ದಾನೆ.

ಮೊದಲು ಸವಿತಾಳ ಮಾತನ್ನು ಹೀಗೆ ಬರೆದೆವು ಎಂದುಕೊಳ್ಳಿರಿ: "ರಮೇಶನೇ, ನಾನು ಕಡತವೊಂದನ್ನು ಅಳಿಸಿರುವೆನು. ಆದಕಾರಣ ತಂತ್ರಾಂಶದ ಜೋಡಣೆಯು ವಿಫಲವಾಗಿದೆ." ಇದರಲ್ಲಿ ತಪ್ಪು ಪದ ಒಂದೂ ಇಲ್ಲ. ಆದರೆ ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುತ್ತಾ ಯಾರೂ ಹೀಗೆ ಮಾತನಾಡುವುದಿಲ್ಲ. ಇದು ಓದುವ ಕನ್ನಡ, ಆಡುವ ಕನ್ನಡವಲ್ಲ.

ಎರಡನೆಯ ಸಲ ಹೀಗೆ ಬರೆದೆವು: "ರಮೇಶ್, ನಾನು ಡಿಲೀಟೆಡ್ ದಿ ಫೈಲ್, ಸೋ ಬಿಲ್ಡ್ ಫೇಲ್ಡ್, ನಾನು ವೆರಿ ವರೀಡ್." ಇದು ಇನ್ನೂ ಕೆಟ್ಟಿತು. ಇಂಗ್ಲಿಷ್ ಹೆಚ್ಚಾದುದೊಂದೇ ದೋಷವಲ್ಲ. "ಡಿಲೀಟೆಡ್" ಎಂಬುದಕ್ಕೆ "ಮಾಡು" ಎಂಬ ಜೊತೆಯಿಲ್ಲ. "ದಿ" ಎಂಬ ಪದಕ್ಕೆ ಕನ್ನಡದ ವಾಕ್ಯದಲ್ಲಿ ಜಾಗವಿಲ್ಲ. ಕಂಬವೇ ಮುರಿದಿದೆ. ನಟಿಗೆ ಈ ಮಾತನ್ನು ಕೊಟ್ಟರೆ ಅವಳ ನಾಲಗೆ ತೊಡರುತ್ತದೆ.

ಮೂರನೆಯ ಸಲ, ಕಿವಿಯಿಂದ ಕೇಳಿ ಬರೆಯೋಣ.

ದೃಶ್ಯ 4. ಕಚೇರಿಯ ಕ್ಯಾಂಟೀನು. ಬೆಳಿಗ್ಗೆ.

ರಮೇಶ: ಏನಾಯ್ತು ಸವಿತಾ? ಮುಖ ಯಾಕೆ ಹಾಗಿದೆ?
ಸವಿತಾ: ಬಿಲ್ಡ್ ಫೇಲ್ ಆಗ್ಯದ.
ರಮೇಶ: ನಿನ್ನೆ ಓಕೆ ಇತ್ತಲ್ಲ?
ಸವಿತಾ: ಒಂದ್ ಫೈಲ್ ಡಿಲೀಟ್ ಆಗ್ಯದ.
ರಮೇಶ: ಡಿಲೀಟ್ ಆಯ್ತಾ? ಯಾರಾದ್ರೂ ಮಾಡಿದ್ರಾ?
(ಸವಿತಾ ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ.)
ಸವಿತಾ: ನಾನೇ ಮಾಡೀನಿ.
ರಮೇಶ: ಟೆನ್ ತರ್ಟಿಗೆ ಮೀಟಿಂಗ್ ಇದೆ. ಅಲ್ಲೇ ಹೇಳ್ಬಿಡು.

ಈ ದೃಶ್ಯವನ್ನು ನಡೆಸಿದ್ದು "ಆಗು" ಮತ್ತು "ಮಾಡು" ಎಂಬ ಎರಡು ಪದಗಳು. ಸವಿತಾ ಎರಡು ಸಲ "ಆಗ್ಯದ" ಎಂದು ಹೇಳಿ ತಪ್ಪಿನ ಹಿಂದೆ ಅಡಗುತ್ತಾಳೆ. ರಮೇಶ "ಮಾಡಿದ್ರಾ?" ಎಂದು ಕೇಳಿದಾಗ ಅಡಗಲು ಜಾಗವಿಲ್ಲ. ಕೊನೆಗೆ ಅವಳೇ "ಮಾಡೀನಿ" ಎನ್ನುತ್ತಾಳೆ. ಆ ಮಾತಿನಲ್ಲಿ ಇಂಗ್ಲಿಷ್ ಪದ ಒಂದೂ ಇಲ್ಲ. ಕೆಲಸದ ವಿಷಯಕ್ಕೆ ಇಂಗ್ಲಿಷ್ ಪದ ಬಂದರೂ ಮನಸ್ಸಿನ ಮಾತಿಗೆ ಬಹಳ ಸಲ ಮನೆಯ ಮಾತೇ ಬರುತ್ತದೆ.

ಇನ್ನೊಂದನ್ನು ಗಮನಿಸಿರಿ. ರಮೇಶ "ಆಯ್ತಾ" ಎನ್ನುತ್ತಾನೆ, ಸವಿತಾ "ಆಗ್ಯದ" ಎನ್ನುತ್ತಾಳೆ. ಅವನದು ಬೆಂಗಳೂರಿನ ಕನ್ನಡ, ಅವಳದು ಬೀದರು, ಜಹೀರಾಬಾದುಗಳ ಕಡೆಯ ಕನ್ನಡ. ಕೆಲವು ಬರಹಗಾರರು ಜಾಣರ ಪಾತ್ರಕ್ಕೆ ಇಂಗ್ಲಿಷ್ ಕೊಟ್ಟು, ನಮ್ಮ ಕಡೆಯ ಕನ್ನಡವನ್ನು ನಗಿಸುವ ಪಾತ್ರಕ್ಕೆ ಮಾತ್ರ ಕೊಡುವುದುಂಟು. ಇದು ಸೋಮಾರಿತನದ ಬರಹ. "ಆಗ್ಯದ" ಎನ್ನುವವಳು ಸಾಫ್ಟ್‌ವೇರನ್ನೂ ಬರೆಯುತ್ತಾಳೆ. ಎರಡೂ ಒಂದೇ ಬಾಯಿಯಿಂದ ಬರುತ್ತವೆ.

ಹತ್ತೂವರೆಗೆ ಮೀಟಿಂಗು. ಗುಂಪಿನ ಮುಖ್ಯಸ್ಥೆ ಬೇರೆ ರಾಜ್ಯದವರು, ಅವರಿಗೆ ಕನ್ನಡ ಬಾರದು. ಇಲ್ಲಿ ಸವಿತಾ ಬೆರಕೆ ಮಾತನ್ನು ಬಿಟ್ಟು ಪೂರ್ತಿ ಇಂಗ್ಲಿಷಿನಲ್ಲಿ ಹೇಳುತ್ತಾಳೆ: "ಐ ಡಿಲೀಟೆಡ್ ಎ ಫೈಲ್ ಬೈ ಮಿಸ್ಟೇಕ್. ಐ ವಿಲ್ ಫಿಕ್ಸ್ ಇಟ್ ನೌ." ತಪ್ಪಿ ಒಂದು ಫೈಲನ್ನು ಅಳಿಸಿದೆ, ಈಗಲೇ ಸರಿಪಡಿಸುತ್ತೇನೆ ಎಂದು ಇದರ ಅರ್ಥ. "ಡಿಲೀಟೆಡ್" ಎಂಬ ಪದ ಕ್ಯಾಂಟೀನಿನಲ್ಲಿ ತಪ್ಪಾಗಿತ್ತು, ಇಲ್ಲಿ ಸರಿಯಾಯಿತು. ಏಕೆಂದರೆ ಇಲ್ಲಿ ವಾಕ್ಯದ ಕಂಬ ತೊಲೆಗಳೂ ಇಂಗ್ಲಿಷಿನವೇ. ಮೀಟಿಂಗ್ ಮುಗಿದು ಹೊರಗೆ ಬಂದೊಡನೆ ಅವಳು ರಮೇಶನ ಕಡೆ ತಿರುಗಿ, "ಜೀವ ಹಗುರ ಆತು" ಎನ್ನುತ್ತಾಳೆ. ಕೇಳುವವರು ಬದಲಾದೊಡನೆ ಮಾತೂ ಬದಲಾಯಿತು.

ರಾತ್ರಿ ಜಹೀರಾಬಾದಿನಿಂದ ತಾಯಿಯ ಫೋನು ಬರುತ್ತದೆ.

ತಾಯಿ: ಊಟ ಆತೇನವ್ವ? ಡ್ಯೂಟಿ ಇಷ್ಟ್ ಹೊತ್ತ ಯಾಕಾತು?
ಸವಿತಾ: ಕೆಲಸದಾಗ ಒಂದ್ ತಪ್ಪ್ ಮಾಡಿದ್ದೆ ಅವ್ವಾ. ಎಲ್ಲಾರೂ ಕೂಡಿ ಬರೆಯೋ ಪುಸ್ತಕದಾಗಿಂದ ತಿಳೀದೆ ಒಂದ್ ಹಾಳಿ ಹರದ್ ಒಗದಂಗ ಆಗಿತ್ತು.
ತಾಯಿ: ಅವರಿಗೆ ಹೇಳ್ದಿಯಿಲ್ಲೋ?
ಸವಿತಾ: ಹೇಳೀನಿ. ಸರಿ ಮಾಡೇ ಬಂದೀನಿ.

ಬಿಲ್ಡ್, ಫೈಲ್, ಡಿಲೀಟ್ ಯಾವುದೂ ಇಲ್ಲಿಲ್ಲ. ಅವಳು ಪದಗಳನ್ನು ಬದಲಿಸಿದ್ದಷ್ಟೇ ಅಲ್ಲ, ತಾಯಿಗೆ ತಿಳಿಯುವಂತೆ ಪುಸ್ತಕದ ಹೋಲಿಕೆಯನ್ನೂ ತಂದಿದ್ದಾಳೆ. ಆದರೆ ತಾಯಿಯ ಮಾತಿನಲ್ಲಿ "ಡ್ಯೂಟಿ" ಇದೆ, ನೋಡಿದಿರಾ? ಡ್ಯೂಟಿ, ಫೋನು, ಬಸ್ಸು, ಟೈಮು ಮೊದಲಾದ ಪದಗಳು ಶಾಲೆಗೆ ಹೋಗದವರ ಬಾಯಿಗೂ ಬಂದು ಕುಳಿತಿವೆ. ಅವುಗಳನ್ನು ತಾಯಿಯ ಮಾತಿನಿಂದ ತೆಗೆದರೆ ಅದೂ ಸುಳ್ಳಾಗುತ್ತದೆ. ಕೆಲಸದ ಇಂಗ್ಲಿಷ್ ಬೇರೆ, ಎಲ್ಲರ ಇಂಗ್ಲಿಷ್ ಬೇರೆ. ಬರೆಯುವವರು ಇವೆರಡನ್ನು ಬೇರ್ಪಡಿಸಬೇಕು. ರಮೇಶನಿಗೆ "ಟೆನ್ ತರ್ಟಿ" ಆದ ಹೊತ್ತು ತಾಯಿಗೆ "ಹತ್ತೂವರೆ" ಆಗಿಯೇ ಉಳಿಯುತ್ತದೆ.

ಬರೆದುದು ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಚಿತ್ರೀಕರಣಕ್ಕೆ ಮೊದಲು ನಟ ನಟಿಯರು ಒಟ್ಟಿಗೆ ಕುಳಿತು ಎಲ್ಲ ದೃಶ್ಯಗಳನ್ನು ಗಟ್ಟಿಯಾಗಿ ಓದುತ್ತಾರೆ. ಬರೆದವರು ಕಾಗದ ನೋಡದೆ ಕಿವಿಗೊಟ್ಟು ಕೂರುತ್ತಾರೆ. ನಟಿ ಎಲ್ಲಿ ತಡವರಿಸಿದಳು, ಎಲ್ಲಿ ತಾನಾಗಿ ಪದವನ್ನು ಬದಲಿಸಿ ಓದಿದಳು ಎಂದು ಗುರುತು ಹಾಕುತ್ತಾರೆ. ಅವಳು ಬದಲಿಸಿದ ಕಡೆ ಹೆಚ್ಚಾಗಿ ಬರಹವೇ ತಪ್ಪಿರುತ್ತದೆ. ಇಂಗ್ಲಿಷ್ ಬಾರದ ಒಬ್ಬರಿಗೂ ಓದಿ ಹೇಳಬೇಕು. "ಬಿಲ್ಡ್ ಎಂದರೇನು?" ಎಂದು ಅವರು ಕೇಳಿದರೆ ಚಿಂತೆಯಿಲ್ಲ. "ಹುಡುಗಿ ಯಾಕೆ ಹೆದರಿದಳು?" ಎಂದು ಕೇಳಿದರೆ ದೃಶ್ಯವನ್ನು ಮತ್ತೆ ಬರೆಯಬೇಕು. ಪದ ತಿಳಿಯದಿದ್ದರೂ ಕತೆ ತಿಳಿಯಬೇಕು.

ಒಂದು ತೊಡಕು ಮಾತ್ರ ಉಳಿಯುತ್ತದೆ. ಕನ್ನಡ ಬಾರದವರಿಗಾಗಿ ಪರದೆಯ ಕೆಳಗೆ ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತಾರೆ. ಸಾಮಾನ್ಯವಾಗಿ ಒಂದು ಸಲಕ್ಕೆ ಎರಡು ಸಾಲು ಮಾತ್ರ. ಅದರಲ್ಲಿ ಎಲ್ಲವೂ ಇಂಗ್ಲಿಷೇ ಆಗುವುದರಿಂದ ಬೆರಕೆಯೇ ಕಾಣದಾಗುತ್ತದೆ. ಕ್ಯಾಂಟೀನಿನ ಸವಿತಾ, ಮೀಟಿಂಗಿನ ಸವಿತಾ, ತಾಯಿಯ ಮಗಳಾದ ಸವಿತಾ ಮೂವರೂ ಓದುವವರಿಗೆ ಒಂದೇ ದನಿಯಲ್ಲಿ ಮಾತನಾಡಿದಂತೆ ಆಗುತ್ತದೆ. "ಆಯಿತು", "ಮಾಡಿದೆ" ಎಂಬ ವ್ಯತ್ಯಾಸವನ್ನು ಇಂಗ್ಲಿಷಿಗೂ ಹೇಗೋ ದಾಟಿಸಬಹುದು. "ಆಯ್ತಾ" ಮತ್ತು "ಆಗ್ಯದ" ಎಂಬುದರ ನಡುವಿನ ದೂರವನ್ನು ದಾಟಿಸಲಾಗದು. ಅದು ಕಿವಿಯಿಂದ ಕೇಳಿದವರಿಗೆ ಮಾತ್ರ ಸಿಗುತ್ತದೆ.

ಶಬ್ದಾರ್ಥ

ಸಂಭಾಷಣೆ = ಪಾತ್ರಗಳು ಆಡುವ ಮಾತು
ಕಂತು = ಭಾಗ
ತೊಲೆ = ಛಾವಣಿಯನ್ನು ಹೊರುವ ಉದ್ದನೆಯ ಮರ
ಕಡತ = ಫೈಲು
ತಡವರಿಸು = ಮಾತನಾಡುವಾಗ ತೊಡರು
ಹಾಳಿ = ಹಾಳೆ, ಕಾಗದ

ಅಭ್ಯಾಸ

1. ಕೈಲಾಸಂ ಅವರ ನಾಟಕದ ಹೆಸರಿನಲ್ಲಿ "ಕ್ಲಬ್" ಎಂಬುದು "ಕ್ಲಬ್ಬು" ಎಂದು ಏಕೆ ಆಯಿತು?
2. "ಫೈಲ್ ಡಿಲೀಟ್ ಆಯಿತು", "ಫೈಲ್ ಡಿಲೀಟ್ ಮಾಡಿದೆ" ಈ ಎರಡು ವಾಕ್ಯಗಳಿಗೆ ಇರುವ ವ್ಯತ್ಯಾಸವೇನು?
3. ಸವಿತಾ ತಾಯಿಯೊಡನೆ ಮಾತನಾಡುವಾಗ "ಬಿಲ್ಡ್" ಎಂಬ ಪದವನ್ನು ಏಕೆ ಬಳಸಲಿಲ್ಲ?
4. ಈ ಪದಗಳಿಗೆ ಅಲ್ಲಿ, ಇಂದ, ಗೆ ಪ್ರತ್ಯಯಗಳನ್ನು ಸೇರಿಸಿ ಬರೆಯಿರಿ: ಆಫೀಸ್, ಬಸ್, ಸ್ಕೂಲ್.
5. ನಿಮ್ಮ ಮನೆಯವರು ಒಂದು ದಿನ ಆಡಿದ ಮಾತಿನಲ್ಲಿ ತೆಲುಗು, ಉರ್ದು, ಇಂಗ್ಲಿಷ್ ಪದಗಳು ಬಂದ ಐದು ವಾಕ್ಯಗಳನ್ನು ಕೇಳಿದ ಹಾಗೆಯೇ ಬರೆಯಿರಿ. ಯಾರು, ಯಾರಿಗೆ ಹೇಳಿದರು ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿರಿ.